ಬಜೆಟ್ ದಿನ ಪ್ರೀಮಿಯಂ ಒಳಗೆ ಏನಿರುತ್ತೆ? ನಿಫ್ಟಿ ಆಪ್ಷನ್ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

2025ರ ಫೆಬ್ರವರಿ 1, ಶನಿವಾರ. ಬಜೆಟ್ ಇದ್ದದ್ದರಿಂದ ಮಾರ್ಕೆಟ್ ತೆರೆದಿತ್ತು. ನಮ್ಮ ಭಾವ ಹಿಂದಿನ ಸಂಜೆಯೇ ನಿಫ್ಟಿಯ ಒಂದು ಕಾಲ್, ಅದೇ ಸ್ಟ್ರೈಕಿನ ಒಂದು ಪುಟ್ ಕೊಂಡಿಟ್ಟು ನಿಶ್ಚಿಂತೆಯಿಂದ ಟಿವಿ ಮುಂದೆ ಕೂತಿದ್ದರು. "ಮೇಲೆ ಹೋದ್ರೆ ಕಾಲ್, ಕೆಳಗೆ ಬಿದ್ರೆ ಪುಟ್. ಬಜೆಟ್ ದಿನ ಮಾರ್ಕೆಟ್ ಸುಮ್ನೆ ನಿಂತಿರುತ್ತಾ ಹೇಳು?" ಅಂದರು.

ನಿಂತೇ ಇತ್ತು. 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಅನ್ನುವಷ್ಟು ದೊಡ್ಡ ಸುದ್ದಿ ಬಂತು. ಆದರೂ ನಿಫ್ಟಿ ದಿನದ ಕೊನೆಗೆ 26 ಪಾಯಿಂಟ್ ಇಳಿದು 23,482ರಲ್ಲಿ ಮುಗಿಯಿತು. ಭಾವನ ಕಾಲ್ ಇಳಿದಿತ್ತು, ಪುಟ್ ಕೂಡ ಇಳಿದಿತ್ತು. "ಎರಡೂ ಹೆಂಗೋ ಇಳಿಯುತ್ತೆ? ಒಂದಾದ್ರೂ ಏರಬೇಕಲ್ವಾ?" ಅಂತ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು.

ಆ ಪ್ರಶ್ನೆಗೆ ಉತ್ತರವೇ ಈ ಬರಹ. ಭಾವ ಕೊಂಡ ಪ್ರೀಮಿಯಂ ಒಳಗೆ ಎರಡು ಬೇರೆ ಬೇರೆ ಸರಕು ಇತ್ತು. ಒಂದು, ಮಾಮೂಲಿ ದಿನಗಳ ಏರಿಳಿತದ ಬೆಲೆ. ಇನ್ನೊಂದು, ಬಜೆಟ್ ಅನ್ನುವ ಆ ಒಂದೇ ದಿನದ ಬೆಲೆ. ಎರಡನೆಯದು ಭಾಷಣ ಮುಗಿಯುತ್ತಿದ್ದಂತೆ ಖರ್ಚಾಗಿ ಹೋಗುತ್ತೆ. ಅದು ಎಷ್ಟಿದೆ ಅಂತ ಮೊದಲೇ ಬಿಡಿಸಿ ನೋಡಬಹುದು. ಒಂದು ಕಾಲ್ಕುಲೇಟರ್ ಇದ್ದರೆ ಸಾಕು.

ಹಂತ 1: ಯಾವ ಎಕ್ಸ್‌ಪೈರಿಯಲ್ಲಿ ಯಾವ ಘಟನೆ ಇದೆ, ಎಣಿಸಿ

ಬಹಳ ಜನ ಈ ಹಂತವನ್ನೇ ಬಿಡುತ್ತಾರೆ. 2025ರ ಸೆಪ್ಟೆಂಬರ್‌ನಿಂದ ನಿಫ್ಟಿಯ ವಾರದ ಎಕ್ಸ್‌ಪೈರಿ ಮಂಗಳವಾರ. ಬಜೆಟ್ ಭಾಷಣ ಬೆಳಿಗ್ಗೆ 11ಕ್ಕೆ ಶುರುವಾಗುತ್ತೆ. ಆರ್‌ಬಿಐ ಹಣಕಾಸು ನೀತಿ ಸಮಿತಿಯ ತೀರ್ಮಾನವನ್ನು ಗವರ್ನರ್ ಬೆಳಿಗ್ಗೆ 10ಕ್ಕೆ ಓದುತ್ತಾರೆ. ಈ ದಿನಾಂಕಗಳೆಲ್ಲ ಮೊದಲೇ ಗೊತ್ತಿರುತ್ತವೆ.

2026ರ ಕ್ಯಾಲೆಂಡರ್ ಇದಕ್ಕೆ ಒಳ್ಳೆ ಪಾಠ. ಬಜೆಟ್ ಬಂದದ್ದು ಫೆಬ್ರವರಿ 1ರ ಭಾನುವಾರ, ಅವತ್ತೂ ಮಾರ್ಕೆಟ್ ನಡೆಯಿತು. ಆರ್‌ಬಿಐ ನೀತಿ ಫೆಬ್ರವರಿ 6ರ ಶುಕ್ರವಾರ. ಹಾಗಾಗಿ ಫೆಬ್ರವರಿ 3ರ ಮಂಗಳವಾರ ಮುಗಿಯುವ ಆಪ್ಷನ್‌ನಲ್ಲಿ ಬಜೆಟ್ ಮಾತ್ರ ಇತ್ತು. ಫೆಬ್ರವರಿ 10ರದ್ದರಲ್ಲಿ ಬಜೆಟ್ ಮತ್ತು ಆರ್‌ಬಿಐ ಎರಡೂ ಇದ್ದವು.

ಈಗ ಜನವರಿ 29ರ ಗುರುವಾರ ಸಂಜೆ ನಿಂತು ಎಣಿಸಿ. ಹತ್ತಿರದ ಎಕ್ಸ್‌ಪೈರಿಗೆ ಉಳಿದಿರುವುದು ಶುಕ್ರವಾರ, ಭಾನುವಾರ, ಸೋಮವಾರ, ಮಂಗಳವಾರ. ನಾಲ್ಕು ವಹಿವಾಟಿನ ದಿನ, ಅದರಲ್ಲಿ ಮೂರು ಮಾಮೂಲಿ, ಒಂದು ಬಜೆಟ್. ಮುಂದಿನ ಎಕ್ಸ್‌ಪೈರಿಗೆ ಒಂಬತ್ತು ದಿನ. ಅದರಲ್ಲಿ ಏಳು ಮಾಮೂಲಿ, ಒಂದು ಬಜೆಟ್, ಒಂದು ಆರ್‌ಬಿಐ. ಇದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕ ಪೂರ್ತಿ ಇದರ ಮೇಲೆ ನಿಂತಿದೆ.

ಒಂದು ಮಾತು. ಬ್ಯಾಂಕ್ ನಿಫ್ಟಿಯಲ್ಲಿ ಈ ಆಟ ಈಗ ಕಷ್ಟ. ಸೆಬಿ ನಿಯಮದ ನಂತರ, 2024ರ ನವೆಂಬರ್‌ನಿಂದ ಅದಕ್ಕೆ ವಾರದ ಎಕ್ಸ್‌ಪೈರಿ ಇಲ್ಲ, ತಿಂಗಳದ್ದು ಮಾತ್ರ. ಹದಿನೈದು ಇಪ್ಪತ್ತು ದಿನದ ಪ್ರೀಮಿಯಂ ಒಳಗೆ ಒಂದು ದಿನದ ಆರ್‌ಬಿಐ ಬೆಲೆ ಹುಡುಕುವುದು ಅಂದರೆ ಬಿಂದಿಗೆ ನೀರಿಗೆ ಒಂದು ಚಮಚ ಉಪ್ಪು ಹಾಕಿ ರುಚಿ ನೋಡಿದಂತೆ. ಇದೆ ಅಂತ ಗೊತ್ತಾಗುತ್ತೆ, ಎಷ್ಟು ಅಂತ ಹೇಳೋಕಾಗಲ್ಲ. ಅದಕ್ಕೇ ಇಲ್ಲಿ ನಿಫ್ಟಿಯನ್ನೇ ಹಿಡಿದಿದ್ದೇನೆ.

ಹಂತ 2: ಸ್ಟ್ರಾಡಲ್ ಬೆಲೆ ಓದಿ, ಆ್ಯಪ್ ತೋರಿಸುವ ಐವಿ ಅಲ್ಲ

ಆಪ್ಷನ್ ಚೈನ್ ತೆಗೆಯಿರಿ. ಕಾಲ್ ಮತ್ತು ಪುಟ್ ಹೆಚ್ಚುಕಮ್ಮಿ ಒಂದೇ ಬೆಲೆ ಇರುವ ಸ್ಟ್ರೈಕ್ ಹುಡುಕಿ. ಎರಡನ್ನೂ ಕೂಡಿ. ಅದೇ ಸ್ಟ್ರಾಡಲ್ ಬೆಲೆ.

ಐವಿ ಅಂದರೆ ಪ್ರೀಮಿಯಂನಿಂದ ಹಿಂದಕ್ಕೆ ಲೆಕ್ಕ ಹಾಕಿ ತೆಗೆದ ವರ್ಷದ ಏರಿಳಿತದ ಅಂದಾಜು. ಅದು ಯಾಕೆ ಬೇಡ ಅಂದರೆ, ಎಷ್ಟೋ ಆ್ಯಪ್‌ಗಳು ಐವಿ ಲೆಕ್ಕ ಹಾಕುವಾಗ ಕ್ಯಾಲೆಂಡರ್ ದಿನ ಎಣಿಸುತ್ತವೆ, ಕೆಲವು ವಹಿವಾಟಿನ ದಿನ ಎಣಿಸುತ್ತವೆ. ಮಧ್ಯೆ ವಾರಾಂತ್ಯ ಬಂದರೆ ಒಂದೇ ಆಪ್ಷನ್‌ಗೆ ಎರಡು ಆ್ಯಪ್ ಎರಡು ಅಂಕಿ ತೋರಿಸುತ್ತವೆ. ಇಂಡಿಯಾ ವಿಕ್ಸ್ ಕೂಡ 30 ದಿನದ ಲೆಕ್ಕ, ಅದರಲ್ಲಿ ಬಜೆಟ್ ಒಂದು ದಿನ ಕರಗಿ ಹೋಗಿರುತ್ತೆ. ರೂಪಾಯಿಯಲ್ಲಿರುವ ಸ್ಟ್ರಾಡಲ್ ಬೆಲೆಗೆ ಈ ತಕರಾರು ಇಲ್ಲ.

ಲೆಕ್ಕ ಸುಲಭವಾಗಲಿ ಅಂತ ನಾನು ಕೈಯಾರೆ ಹಾಕಿಕೊಂಡ ಅಂಕಿಗಳು ಇವು, ಆ ದಿನದ ನಿಜ ಬೆಲೆಗಳಲ್ಲ. ಗುರುವಾರ ಸಂಜೆ ನಿಫ್ಟಿ 25,000. ಹತ್ತಿರದ ಎಕ್ಸ್‌ಪೈರಿಯ 25,000 ಕಾಲ್ 200, ಪುಟ್ 200. ಸ್ಟ್ರಾಡಲ್ 400. ಮುಂದಿನ ವಾರದ ಸ್ಟ್ರಾಡಲ್ 530.

ಸ್ಟ್ರಾಡಲ್ ಬೆಲೆಯನ್ನು ಹೀಗೆ ಅರ್ಥ ಮಾಡಿಕೊಳ್ಳಿ: ಎಕ್ಸ್‌ಪೈರಿ ಹೊತ್ತಿಗೆ ನಿಫ್ಟಿ ಇಲ್ಲಿಂದ ಸರಾಸರಿ ಎಷ್ಟು ದೂರ ಹೋಗಬಹುದು ಅಂತ ಮಾರ್ಕೆಟ್ ಕಟ್ಟಿದ ಬೆಲೆ ಅದು. ಲೆಕ್ಕಕ್ಕೆ ನಮಗೆ ಬೇಕಾದದ್ದು ಸ್ಟ್ಯಾಂಡರ್ಡ್ ಡೀವಿಯೇಷನ್. ಅದು ಸರಾಸರಿಗಿಂತ ಸ್ವಲ್ಪ ಜಾಸ್ತಿ ಇರುತ್ತೆ, ಸ್ಟ್ರಾಡಲ್ ಬೆಲೆಯನ್ನು 0.8ರಿಂದ ಭಾಗಿಸಿದರೆ ಸಿಗುತ್ತೆ. 400 ಭಾಗಿಸು 0.8 ಅಂದರೆ 500 ಪಾಯಿಂಟ್. 25,000ಕ್ಕೆ ಅದು 2%.

ಹಂತ 3: ಮಾಮೂಲಿ ದಿನಗಳನ್ನು ಕಳೆಯಿರಿ

ಈ 2%ನಲ್ಲಿ ನಾಲ್ಕು ದಿನ ಸೇರಿದೆ. ಬಜೆಟ್ ಪಾಲು ಎಷ್ಟು?

ಇಲ್ಲೊಂದು ಚಿಕ್ಕ ವಿಷಯ. ದಿನಗಳ ಏರಿಳಿತವನ್ನು ನೇರವಾಗಿ ಕೂಡಲು, ಕಳೆಯಲು ಆಗಲ್ಲ. ಇವತ್ತು 100 ಏರಿ ನಾಳೆ 100 ಇಳಿದರೆ ಎರಡು ದಿನದ್ದು ಸೇರಿ ಸೊನ್ನೆ. ಹಾಗಾಗಿ ವರ್ಗ ಮಾಡಿ ಕೂಡಬೇಕು, ವರ್ಗ ಮಾಡಿ ಕಳೆಯಬೇಕು.

ಮಾಮೂಲಿ ದಿನ ನಿಫ್ಟಿ 0.7% ಓಡಾಡುತ್ತೆ ಅಂತ ಇಟ್ಟುಕೊಳ್ಳೋಣ. ಅದರ ವರ್ಗ 0.49. ಮೂರು ದಿನಕ್ಕೆ 1.47. ಒಟ್ಟು 2ರ ವರ್ಗ 4. ನಾಲ್ಕರಲ್ಲಿ 1.47 ಕಳೆದರೆ 2.53. ಅದರ ವರ್ಗಮೂಲ 1.59. ಅಂದರೆ ಬಜೆಟ್ ದಿನಕ್ಕೆ ಮಾರ್ಕೆಟ್ ಇಟ್ಟಿರುವ ಸ್ಟ್ಯಾಂಡರ್ಡ್ ಡೀವಿಯೇಷನ್ 1.59%. ಮತ್ತೆ 0.8ರಿಂದ ಗುಣಿಸಿದರೆ ಸರಾಸರಿ ಜಿಗಿತ 1.27%, ಸುಮಾರು 318 ಪಾಯಿಂಟ್. ಮೇಲಕ್ಕೋ ಕೆಳಕ್ಕೋ ಅನ್ನುವುದು ಇದರಲ್ಲಿಲ್ಲ, ದೂರ ಮಾತ್ರ.

ಶೀಟಿನಲ್ಲಿ ಹಾಕಿಟ್ಟುಕೊಳ್ಳುವವರಿಗೆ ಸೂತ್ರ ಇದು. B1 ಸ್ಟ್ರಾಡಲ್ ಬೆಲೆ, B2 ನಿಫ್ಟಿ, B3 ಮಾಮೂಲಿ ದಿನಗಳ ಸಂಖ್ಯೆ, B4 ಮಾಮೂಲಿ ದಿನದ ಏರಿಳಿತ (0.7% ಅಂದರೆ 0.007).

```
=SQRT((B1/(0.8*B2))^2 - B3*B4^2)
```

ಆರ್‌ಬಿಐ ಪಾಲನ್ನೂ ಇದೇ ರೀತಿ ತೆಗೆಯಬಹುದು. ಮುಂದಿನ ವಾರದ ಸ್ಟ್ರಾಡಲ್ 530. 0.8ರಿಂದ ಭಾಗಿಸಿದರೆ 662 ಪಾಯಿಂಟ್, 2.65%. ವರ್ಗ 7.02. ಅದರಲ್ಲಿ ಮೊದಲ ಎಕ್ಸ್‌ಪೈರಿಯ 4 ಕಳೆಯಿರಿ. ಉಳಿದ 3.02 ಬುಧವಾರದಿಂದ ಮುಂದಿನ ಮಂಗಳವಾರದವರೆಗಿನ ಐದು ದಿನದ್ದು. ಅದರಲ್ಲಿ ನಾಲ್ಕು ಮಾಮೂಲಿ ದಿನಕ್ಕೆ 1.96 ಹೋದರೆ 1.06. ವರ್ಗಮೂಲ 1.03%. ಸರಾಸರಿ ಜಿಗಿತ ಸುಮಾರು 206 ಪಾಯಿಂಟ್. ಎರಡು ಎಕ್ಸ್‌ಪೈರಿಯ ಮಧ್ಯದ ವಾರವನ್ನು ಮಾತ್ರ ಕತ್ತರಿಸಿ ತೆಗೆದ ಹಾಗಾಯಿತು.

ಈ ಲೆಕ್ಕದ ದುರ್ಬಲ ಜಾಗ 0.7 ಅನ್ನುವ ಅಂಕಿ. ಅದು ನನ್ನ ಊಹೆ. 0.9 ಹಾಕಿದರೆ ಬಜೆಟ್ ಪಾಲು 1.59ರಿಂದ 1.25ಕ್ಕೆ ಇಳಿಯುತ್ತೆ. 0.5 ಹಾಕಿದರೆ 1.8ಕ್ಕೆ ಏರುತ್ತೆ. ಹಾಗಾಗಿ ಒಂದೇ ಉತ್ತರ ನಂಬಬೇಡಿ. ಹಿಂದಿನ 20 ದಿನಗಳ ನಿಫ್ಟಿ ಶೇಕಡಾ ಬದಲಾವಣೆಯ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯಿರಿ. ಯಾವ ಘಟನೆಯೂ ಇಲ್ಲದ ವಾರದಲ್ಲಿ ಐವಿ ಎಷ್ಟಿತ್ತು ನೋಡಿ 16ರಿಂದ ಭಾಗಿಸಿ (ವರ್ಷಕ್ಕೆ ಸುಮಾರು 252 ವಹಿವಾಟಿನ ದಿನ, ಅದರ ವರ್ಗಮೂಲ ಸುಮಾರು 16). ಎರಡೂ ಅಂಕಿ ಹಾಕಿ ನೋಡಿ, ಉತ್ತರವನ್ನು "ಇಷ್ಟರಿಂದ ಇಷ್ಟು" ಅಂತ ಇಟ್ಟುಕೊಳ್ಳಿ. ಎರಡು ಉತ್ತರಗಳ ನಡುವೆ ನಿಮ್ಮ ನಿರ್ಧಾರವೇ ಬದಲಾಗುವಂತಿದ್ದರೆ ಆ ಟ್ರೇಡ್ ಇಲ್ಲ ಅಂತಲೇ ಅರ್ಥ.

ಹಂತ 4: ದಿನದಿಂದ ದಿನಕ್ಕೆ ಬೆಲೆ ಹೇಗೆ ಕರಗುತ್ತೆ, ಮೊದಲೇ ಬರೆದುಕೊಳ್ಳಿ

ಭಾವನ ಪ್ರಶ್ನೆಗೆ ಉತ್ತರ ಇಲ್ಲಿದೆ. ಅದೇ ಅಂಕಿಗಳಲ್ಲಿ ಮುಂದುವರಿಯೋಣ. ನಿಫ್ಟಿ 25,000ದಲ್ಲೇ ನಿಂತಿದೆ ಅಂದುಕೊಳ್ಳಿ.

ಗುರುವಾರ ಸಂಜೆ ಸ್ಟ್ರಾಡಲ್ 400. ಶುಕ್ರವಾರ ಒಂದು ಮಾಮೂಲಿ ದಿನ ಕಳೆಯಿತು. ಉಳಿದ ವರ್ಗ 4ರಲ್ಲಿ 0.49 ಹೋಗಿ 3.51. ವರ್ಗಮೂಲ 1.87%. ಸ್ಟ್ರಾಡಲ್ ಸುಮಾರು 375. ಇಡೀ ದಿನಕ್ಕೆ ಬರೀ 25 ರೂಪಾಯಿ ಇಳಿತ.

ಭಾನುವಾರ ಬಜೆಟ್ ಮುಗಿಯಿತು. 2.53 ಒಂದೇ ಏಟಿಗೆ ಹೋಯಿತು. ಉಳಿದದ್ದು ಎರಡು ಮಾಮೂಲಿ ದಿನ, ವರ್ಗ 0.98, ವರ್ಗಮೂಲ 0.99%. ಸ್ಟ್ರಾಡಲ್ 198. ಶುಕ್ರವಾರ ಸಂಜೆ 375ಕ್ಕೆ ಕೊಂಡವನಿಗೆ 177 ಪಾಯಿಂಟ್ ನಷ್ಟ. 65ರ ಲಾಟ್‌ಗೆ 11,505 ರೂಪಾಯಿ. ಕಾಲ್, ಪುಟ್ ಎರಡೂ ಇಳಿದದ್ದು ಹೀಗೆ.

ಇಲ್ಲೇ ಇನ್ನೊಂದು ಸೋಜಿಗ ನೋಡಿ. ವರ್ಷದ ಲೆಕ್ಕಕ್ಕೆ ತಂದರೆ ಗುರುವಾರ ಐವಿ 16ರ ಹತ್ತಿರ. ಶುಕ್ರವಾರ ಸಂಜೆ ಅದು 17 ದಾಟಿರುತ್ತೆ, ಯಾಕೆಂದರೆ ಉಳಿದ ಮೂರೇ ದಿನದಲ್ಲಿ ಬಜೆಟ್ ಪಾಲು ಇನ್ನೂ ದೊಡ್ಡದಾಗಿ ಕಾಣುತ್ತೆ. ಐವಿ ಏರಿದೆ, ಪ್ರೀಮಿಯಂ ಇಳಿದಿದೆ. "ಬಜೆಟ್‌ಗೆ ಮುಂಚೆ ಐವಿ ಏರುತ್ತೆ, ಅದಕ್ಕೆ ನಾಲ್ಕು ದಿನ ಮೊದಲೇ ಕೊಂಡು ಹಿಂದಿನ ದಿನ ಮಾರಿಬಿಡೋಣ" ಅನ್ನುವ ಉಪಾಯ ಮೇಲ್ನೋಟಕ್ಕೆ ಚೆನ್ನಾಗಿರುತ್ತೆ. ಆದರೆ ಆ ಐವಿ ಏರಿಕೆಯ ಬಹುಪಾಲು ಬರೀ ಭಾಗಾಕಾರದ ಫಲ. ಯಾರೂ ಹೆಚ್ಚು ದುಡ್ಡು ಕೊಡುತ್ತಿಲ್ಲ.

ಹಾಗಾದರೆ ಶುಕ್ರವಾರ 375ಕ್ಕೆ ಕೊಂಡವನು ಭಾನುವಾರ ಸಂಜೆ ಲಾಭನಷ್ಟ ಇಲ್ಲದೆ ಹೊರಬರಲು ನಿಫ್ಟಿ ಎಷ್ಟು ಓಡಬೇಕು? ಲೆಕ್ಕ ಹಾಕಿದರೆ ಸುಮಾರು 360 ಪಾಯಿಂಟ್, ಅಂದರೆ 1.4%ಗಿಂತ ಸ್ವಲ್ಪ ಜಾಸ್ತಿ. ಈ ಅಂಕಿ ಕೈಯಲ್ಲಿಟ್ಟುಕೊಂಡು ಮುಂದಿನ ಹಂತಕ್ಕೆ ಬನ್ನಿ.

ಹಂತ 5: ಹಿಂದಿನ ಬಜೆಟ್‌ಗಳ ಜೊತೆ ತೂಗಿ

ಬಜೆಟ್ ದಿನ ನಿಫ್ಟಿ ಮುಗಿದದ್ದು ಹೀಗೆ. 2020ರ ಫೆಬ್ರವರಿ, 2.5% ಇಳಿತ. 2021, 4.7% ಏರಿಕೆ. 2022, 1.4% ಏರಿಕೆ. 2023, 0.3% ಇಳಿತ. 2024ರ ಫೆಬ್ರವರಿ ಮಧ್ಯಂತರ ಬಜೆಟ್, 0.1% ಇಳಿತ. 2024ರ ಜುಲೈ 23ರ ಬಜೆಟ್, 0.1% ಇಳಿತ. 2025, 0.1% ಇಳಿತ. 2026, ಸುಮಾರು 2% ಇಳಿತ.

ದಿಕ್ಕು ಬಿಟ್ಟು ದೂರ ಮಾತ್ರ ತೆಗೆದುಕೊಂಡರೆ ಎಂಟರ ಸರಾಸರಿ 1.4%. ನಮ್ಮ ಉದಾಹರಣೆಯ 1.27%ಗೆ ಹತ್ತಿರವೇ. ಹಾಗಂತ ಇಲ್ಲಿಗೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಎಂಟರಲ್ಲಿ ನಾಲ್ಕು ಸಲ ನಿಫ್ಟಿ ಅಲುಗಿದ್ದು 0.3% ಅಥವಾ ಅದಕ್ಕಿಂತ ಕಮ್ಮಿ. ಉಳಿದ ನಾಲ್ಕು ಸಲ ಸುಮಾರು 1.4% ಅಥವಾ ಅದಕ್ಕಿಂತ ಜಾಸ್ತಿ. ಮಧ್ಯದಲ್ಲಿ ಏನೂ ಇಲ್ಲ. 2021 ಒಂದನ್ನು ತೆಗೆದುಬಿಟ್ಟರೆ ಸರಾಸರಿ 0.9%ಗೆ ಬೀಳುತ್ತೆ.

ಅಂದರೆ ಮಾರುವವನಿಗೆ ಅರ್ಧ ಸಲ ಸಲೀಸಾಗಿ ದುಡ್ಡು ಬಂದಿದೆ. ಆಮೇಲೆ ಒಂದು 2021 ಬಂದು ಹಲವು ವರ್ಷದ ಗಳಿಕೆ ತೆಗೆದುಕೊಂಡು ಹೋಗಿದೆ. 2023, 2024, 2025ರಲ್ಲಿ ಸತತ ನಾಲ್ಕು ಬಜೆಟ್ ಸಪ್ಪೆಯಾದ ಮೇಲೆ "ಬಜೆಟ್ ದಿನ ಕಣ್ಣುಮುಚ್ಚಿ ಮಾರಬಹುದು" ಅನ್ನುವ ಮಾತು ಗಟ್ಟಿಯಾಗಿ ಕೇಳಿಬರುತ್ತಿತ್ತು. 2026ರ ಬಜೆಟ್‌ನಲ್ಲಿ ಆಪ್ಷನ್ ಪ್ರೀಮಿಯಂ ಮೇಲಿನ ವಹಿವಾಟು ತೆರಿಗೆ ಎಸ್‌ಟಿಟಿ 0.1%ರಿಂದ 0.15%ಗೆ, ಫ್ಯೂಚರ್ಸ್ ಮೇಲಿನದ್ದು 0.02%ರಿಂದ 0.05%ಗೆ ಏರಿತು. ಆಪ್ಷನ್ ಮಾರಿಟ್ಟು ಕೂತವರ ಮೇಲೇ ಬಂದ ತೆರಿಗೆ, ಅವರ ಪೊಸಿಷನ್ ಮೇಲೇ ಬಿದ್ದ ಮಾರ್ಕೆಟ್. ಎರಡು ಕಡೆಯಿಂದ ಪೆಟ್ಟು.

ದಿನದ ಕೊನೆಯ ಅಂಕಿ ಇನ್ನೊಂದನ್ನೂ ಮುಚ್ಚಿಡುತ್ತೆ. 2023ರಲ್ಲಿ ನಿಫ್ಟಿ ಮುಗಿದದ್ದು 46 ಪಾಯಿಂಟ್ ಇಳಿತದಲ್ಲಿ. ಆದರೆ ದಿನದೊಳಗೆ 17,972 ಮುಟ್ಟಿ 17,353ಕ್ಕೆ ಇಳಿದಿತ್ತು. ಆರುನೂರಕ್ಕೂ ಹೆಚ್ಚು ಪಾಯಿಂಟ್ ಅಂತರ. 2024ರ ಜುಲೈ 23ರಂದು ಕ್ಯಾಪಿಟಲ್ ಗೇನ್ಸ್ ತೆರಿಗೆ ಏರಿಕೆ ಕೇಳುತ್ತಿದ್ದಂತೆ ನಿಫ್ಟಿ ಹಿಂದಿನ ದಿನಕ್ಕಿಂತ 435 ಪಾಯಿಂಟ್ ಕೆಳಗೆ ಹೋಗಿ, ಮುಗಿಯುವಾಗ 30 ಪಾಯಿಂಟ್ ಇಳಿತಕ್ಕೆ ವಾಪಸ್ ಬಂತು. ಆ ದಿನ ಸಂಜೆಯ ಲೆಕ್ಕದಲ್ಲಿ ಮಾರಿದವನು ಗೆದ್ದ. ಆದರೆ ಮಧ್ಯಾಹ್ನ ಸ್ಟಾಪ್‌ಲಾಸ್ ಹೊಡೆಸಿಕೊಂಡವನು ಸೋತ. ನಾನು ಎರಡನೇ ಗುಂಪಿನಲ್ಲಿದ್ದೆ. ನನ್ನ ಅಂದಾಜು ಸರಿಯಿತ್ತು, ಅದನ್ನು ಹಿಡಿದಿಟ್ಟುಕೊಳ್ಳುವ ಪೊಸಿಷನ್ ಆಗಿರಲಿಲ್ಲ, ಅಷ್ಟೆ.

ಹಂತ 6: ನಷ್ಟಕ್ಕೆ ಮೊದಲೇ ಬೇಲಿ ಹಾಕಿ

ಈಗ ನಿಮ್ಮ ಅಭಿಪ್ರಾಯ "ಪ್ರೀಮಿಯಂ ಜಾಸ್ತಿ ಇದೆ" ಅಂತ ಇರಲಿ. ಬರೀ ಸ್ಟ್ರಾಡಲ್ ಮಾರಿ ಸ್ಟಾಪ್‌ಲಾಸ್ ಇಟ್ಟು ಕೂರುವುದು ಒಂದು ದಾರಿ. ನನಗೆ ಅದು ಇಷ್ಟವಿಲ್ಲ, ಕಾರಣ ಈಗಷ್ಟೇ ಹೇಳಿದೆ. ನಾನು ಹಾಕುವುದು ಐರನ್ ಫ್ಲೈ. 25,000 ಕಾಲ್, ಪುಟ್ ಮಾರುವುದು, ಜೊತೆಗೆ ದೂರದ 25,600 ಕಾಲ್, 24,400 ಪುಟ್ ಕೊಳ್ಳುವುದು. ಕೊಂಡ ಆ ಎರಡೇ ಬೇಲಿ.

ಶುಕ್ರವಾರ ಸಂಜೆ 375ಕ್ಕೆ ಮಾರಿದ್ದೇವೆ. ಬೇಲಿಗೆ ಕಾಲ್ 25, ಪುಟ್ 35, ಒಟ್ಟು 60 ಹೋಯಿತು ಅಂತಿಟ್ಟುಕೊಳ್ಳಿ. ಕೈಗೆ ಬಂದದ್ದು 315. ಒಂದು ಕಡೆಗೆ 600 ಪಾಯಿಂಟ್ ಆಚೆ ಏನೇ ಆದರೂ ನಷ್ಟ 600 ಕಳೆ 315, ಅಂದರೆ 285 ಪಾಯಿಂಟ್. ಲಾಟ್‌ಗೆ 18,525 ರೂಪಾಯಿ. ಇದಕ್ಕಿಂತ ಜಾಸ್ತಿ ಹೋಗಲ್ಲ.

ಮೂರು ಸಂಜೆಗಳನ್ನು ಕಲ್ಪಿಸಿಕೊಳ್ಳಿ. ಮೊದಲನೆಯದು, ನಿಫ್ಟಿ ಅಲುಗಲಿಲ್ಲ. ಸ್ಟ್ರಾಡಲ್ 198ಕ್ಕೆ ಬಂದಿದೆ, ಬೇಲಿಗಳಿಗೆ ಸೇರಿ 6 ರೂಪಾಯಿ ಉಳಿದಿದೆ. 192ಕ್ಕೆ ವಾಪಸ್ ಕೊಂಡರೆ ಲಾಭ 123 ಪಾಯಿಂಟ್, ಸುಮಾರು 8,000 ರೂಪಾಯಿ. ಎರಡನೆಯದು, 2026ರ ಹಾಗೆ 2%, 500 ಪಾಯಿಂಟ್ ಬಿತ್ತು. ಫ್ಲೈ ವಾಪಸ್ ಕೊಳ್ಳಲು ಸುಮಾರು 445 ಬೇಕು. ನಷ್ಟ 130 ಪಾಯಿಂಟ್, 8,450 ರೂಪಾಯಿ. ಬೇಲಿ ಇಲ್ಲದ ಸ್ಟ್ರಾಡಲ್‌ನಲ್ಲೂ ನಷ್ಟ ಹೆಚ್ಚುಕಮ್ಮಿ ಇಷ್ಟೇ ಇರುತ್ತಿತ್ತು. ಹಾಗಾದರೆ ಬೇಲಿಗೆ ಕೊಟ್ಟ 60 ದಂಡವಾ? ಮೂರನೇ ಸಂಜೆ ನೋಡಿ. 2021ರ ಹಾಗೆ 4.74%, ಸುಮಾರು 1,185 ಪಾಯಿಂಟ್ ಏರಿತು. ಬೇಲಿ ಇಲ್ಲದವನಿಗೆ 810 ಪಾಯಿಂಟ್, ಲಾಟ್‌ಗೆ 52,650 ರೂಪಾಯಿ ನಷ್ಟ. ಬೇಲಿ ಇದ್ದವನಿಗೆ ಅದೇ 18,525, ಅಷ್ಟರೊಳಗೆ.

ಎಷ್ಟು ಲಾಟ್ ಅನ್ನುವುದನ್ನು ಈ 18,525ರಿಂದ ತೀರ್ಮಾನಿಸಿ, ಮಾರ್ಜಿನ್‌ನಿಂದ ಅಲ್ಲ. "ಇಷ್ಟು ಹೋದರೆ ಮನೆಯಲ್ಲಿ ಹೇಳಬಲ್ಲೆನಾ?" ಅನ್ನುವುದು ನನ್ನ ಅಳತೆ.

"ಪ್ರೀಮಿಯಂ ಕಮ್ಮಿ ಇದೆ" ಅನ್ನಿಸಿದರೆ ಕೊಳ್ಳಬೇಕು. ಆಗ ಬಜೆಟ್ ಪಾಲು ಎಲ್ಲಕ್ಕಿಂತ ದಟ್ಟವಾಗಿರುವ ಹತ್ತಿರದ ಎಕ್ಸ್‌ಪೈರಿಯನ್ನೇ ಕೊಳ್ಳಿ, ಹಿಂದಿನ ಸಂಜೆ ಕೊಳ್ಳಿ. ಮೊದಲೇ ಕೊಂಡು ಮಾಮೂಲಿ ದಿನಗಳಿಗೂ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ದಿಕ್ಕಿನ ಅಂದಾಜಿದ್ದರೆ ಒಂದು ಕಾಲ್ ಕೊಂಡು ಅದರ ಮೇಲಿನ ಸ್ಟ್ರೈಕಿನ ಕಾಲ್ ಮಾರಿ. ಎರಡರ ಪ್ರೀಮಿಯಂನಲ್ಲೂ ಬಜೆಟ್ ಬೆಲೆ ಇರುವುದರಿಂದ ಕುಸಿತದ ಒಂದಷ್ಟು ಭಾಗ ತಾನೇ ವಜಾ ಆಗುತ್ತೆ.

ಹಂತ 7: ಆರ್ಡರ್ ಹಾಕುವ ಹೊತ್ತು

ಫ್ಲೈ ಹಾಕುವಾಗ ಮೊದಲು ಬೇಲಿ ಕೊಳ್ಳಿ, ಆಮೇಲೆ ಮಾರಿ. ಮಾರ್ಜಿನ್ ಕಮ್ಮಿ ಬೇಕಾಗುತ್ತೆ. ಮಧ್ಯದಲ್ಲಿ ಆ್ಯಪ್ ಕೈಕೊಟ್ಟರೂ ಬೆತ್ತಲೆ ಪೊಸಿಷನ್ ಉಳಿಯಲ್ಲ. ಹೊರಬರುವಾಗ ಇದನ್ನು ತಿರುಗಿಸಿ: ಮಾರಿದ್ದನ್ನು ಮೊದಲು ವಾಪಸ್ ಕೊಳ್ಳಿ.

ಭಾಷಣ ನಡೆಯುವಾಗ ಮಾರ್ಕೆಟ್ ಆರ್ಡರ್ ಬೇಡವೇ ಬೇಡ. ಕೊಳ್ಳುವ ಬೆಲೆ, ಮಾರುವ ಬೆಲೆ ನಡುವಿನ ಅಂತರ ಕಣ್ಣೆದುರೇ ಅಗಲವಾಗುತ್ತೆ. ಸ್ಟಾಪ್‌ಲಾಸ್ ಬಗ್ಗೆಯೂ ಒಂದು ಎಚ್ಚರ. ಟ್ರಿಗರ್ ಮುಟ್ಟಿದೊಡನೆ ಸಿಕ್ಕ ಬೆಲೆಗೆ ಹೊರಬರುವ ಎಸ್‌ಎಲ್-ಎಂ ಆರ್ಡರ್ ಎನ್‌ಎಸ್‌ಇ ಆಪ್ಷನ್‌ಗಳಲ್ಲಿ 2021ರಿಂದ ಇಲ್ಲ. ಇರುವುದು ಲಿಮಿಟ್ ಹಾಕುವ ಎಸ್‌ಎಲ್. ಟ್ರಿಗರ್ 300, ಲಿಮಿಟ್ 305 ಇಟ್ಟಿದ್ದೀರಿ, ಬೆಲೆ 295ರಿಂದ ನೇರ 320ಕ್ಕೆ ಹಾರಿತು ಅಂದುಕೊಳ್ಳಿ. ಆರ್ಡರ್ ಎದ್ದು ನಿಲ್ಲುತ್ತೆ, ಆದರೆ ಯಾರೂ ಕೊಡಲ್ಲ. ನೀವು ಹೊರಬಂದೆ ಅಂದುಕೊಂಡಿರುತ್ತೀರಿ, ಪೊಸಿಷನ್ ಅಲ್ಲೇ ಇರುತ್ತೆ. ಬೇಲಿ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಭಾಷಣದ ಮೊದಲರ್ಧ ಯೋಜನೆ, ಖರ್ಚು, ಸಾಲದ ಮಾತು. ತೆರಿಗೆ ಬರುವುದು ಕೊನೆಯಲ್ಲಿ, ಭಾಗ ಬಿಯಲ್ಲಿ. ಅದು ಮುಗಿಯುವವರೆಗೆ ಪ್ರೀಮಿಯಂ ಪೂರ್ತಿ ಕುಸಿಯಲ್ಲ. ಅರ್ಧಕ್ಕೇ "ಏನೂ ಇಲ್ಲ ಬಿಡು" ಅಂತ ಹೊಸದಾಗಿ ಮಾರಲು ಹೋಗಬೇಡಿ. ಆರ್‌ಬಿಐ ದಿನ ಇದಕ್ಕಿಂತ ಚಿಕ್ಕದು. ದರ ಮೊದಲ ಕೆಲವು ನಿಮಿಷದಲ್ಲೇ ಗೊತ್ತಾಗುತ್ತೆ. ಆದರೆ ದರದಷ್ಟೇ ಮುಖ್ಯವಾದದ್ದು ಅದರ ಹಿಂದೆ ಬರಬಹುದು. 2025ರ ಜೂನ್ 6ರಂದು ಬಹುತೇಕರು 0.25% ಇಳಿಕೆ ನಿರೀಕ್ಷಿಸಿದ್ದರು. ಬಂದದ್ದು 0.5%, ರೆಪೊ 5.5%ಗೆ ಇಳಿಯಿತು. ಜೊತೆಗೆ ಸಿಆರ್‌ಆರ್, ಅಂದರೆ ಬ್ಯಾಂಕುಗಳು ಆರ್‌ಬಿಐ ಬಳಿ ಇಡಲೇಬೇಕಾದ ನಗದಿನ ಪಾಲನ್ನು, ನಾಲ್ಕು ಕಂತಿನಲ್ಲಿ ಒಂದು ಶೇಕಡಾ ಇಳಿಸುವ ಸುದ್ದಿಯೂ ಇತ್ತು. ನಿಫ್ಟಿ 1% ಏರಿ 25,003ಕ್ಕೆ, ಬ್ಯಾಂಕ್ ನಿಫ್ಟಿ ಸುಮಾರು 1.5% ಏರಿತು.

ಹಂತ 8: ಘಟನೆ ಮುಗಿದರೆ ನೀವೂ ಮುಗಿಸಿ

ನೀವು ಮಾರಿದ್ದು ಬಜೆಟ್ ದಿನದ ಬೆಲೆ. ಅದು ಕೈಗೆ ಬಂತು. ಉಳಿದ 198ರಲ್ಲಿ ಇರುವುದು ಸೋಮವಾರ, ಮಂಗಳವಾರದ ಮಾಮೂಲಿ ಬೆಲೆ. ಅದರ ಬಗ್ಗೆ ನಿಮಗೆ ಏನೂ ಲೆಕ್ಕ ಇಲ್ಲ. ಆದರೂ "ಹೇಗೂ ಕರಗುತ್ತಿದೆ, ಎಕ್ಸ್‌ಪೈರಿವರೆಗೆ ಇಟ್ಟರೆ ಪೂರ್ತಿ ಸಿಗುತ್ತೆ" ಅನ್ನಿಸುತ್ತೆ.

2026ರಲ್ಲಿ ಇದೇ ಆಸೆ ಕೆಲವರಿಗೆ ದುಬಾರಿಯಾಯಿತು. ಭಾನುವಾರ ಬಜೆಟ್ ಮುಗಿಯಿತು. ಸೋಮವಾರ ರಾತ್ರಿ ಅಮೆರಿಕದ ಜೊತೆಗಿನ ವ್ಯಾಪಾರ ಒಪ್ಪಂದದ ಸುದ್ದಿ ಬಂತು. ಮಂಗಳವಾರ, ಎಕ್ಸ್‌ಪೈರಿ ದಿನವೇ, ನಿಫ್ಟಿ ಸುಮಾರು 640 ಪಾಯಿಂಟ್, 2.5% ಏರಿತು. ಬಜೆಟ್ ದಿನಕ್ಕಿಂತ ದೊಡ್ಡ ಜಿಗಿತ. ಯಾರ ಕ್ಯಾಲೆಂಡರಿನಲ್ಲೂ ಅದು ಇರಲಿಲ್ಲ. ಎಕ್ಸ್‌ಪೈರಿ ದಿನ ಮಾರಿದ ಆಪ್ಷನ್ ಮೇಲೆ 2% ಹೆಚ್ಚುವರಿ ಮಾರ್ಜಿನ್ ಬೇರೆ ಕೇಳುತ್ತಾರೆ.

ಕ್ಯಾಲೆಂಡರಿನಲ್ಲಿ ಇಲ್ಲದ ಘಟನೆಗೆ ಪ್ರೀಮಿಯಂನಲ್ಲಿ ಬೆಲೆ ಇರಲ್ಲ. ಇದಕ್ಕೆ ಆರ್‌ಬಿಐ ಕಡೆಯ ಉದಾಹರಣೆ 2022ರ ಮೇ 4, ಬುಧವಾರ. ಸಭೆ ನಿಗದಿಯಾಗಿರಲಿಲ್ಲ. ಮಧ್ಯಾಹ್ನ 2ಕ್ಕೆ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಟಿವಿಯಲ್ಲಿ ಬಂದು ರೆಪೊ 0.4% ಏರಿಸಿ 4.4% ಮಾಡಿದೆವು, ಸಿಆರ್‌ಆರ್ 0.5% ಏರಿಸಿದೆವು ಅಂದರು. ನಿಫ್ಟಿ 391 ಪಾಯಿಂಟ್ ಬಿದ್ದು 16,678ರ ಹತ್ತಿರ ಮುಗಿಯಿತು. ಆಗ ವಾರದ ಎಕ್ಸ್‌ಪೈರಿ ಗುರುವಾರ, ಅಂದರೆ ಮರುದಿನ. ಒಂದು ದಿನ ಉಳಿದಿದೆ ಅಂತ ಚಿಲ್ಲರೆ ಬೆಲೆಗೆ ಪುಟ್ ಮಾರಿಟ್ಟವರು ಆ ಒಂದೂವರೆ ಗಂಟೆಯಲ್ಲಿ ಕಂಡದ್ದನ್ನು ಈಗಲೂ ಹೇಳುತ್ತಾರೆ. ಅವತ್ತು ಬೆಳಿಗ್ಗೆ ನಮ್ಮ ಸೂತ್ರ ಹಾಕಿದ್ದರೂ ಆರ್‌ಬಿಐಗೆ ಅಂತ ಯಾವ ಪಾಲೂ ಸಿಗುತ್ತಿರಲಿಲ್ಲ.

2026ರ ಬಜೆಟ್‌ಗೆ ಮುಂಚೆ ಭಾವ ಮತ್ತೆ ಕೇಳಿದ್ದರು, "ಈ ಸಲ ಕೊಳ್ಳೋದಾ, ಮಾರೋದಾ?" ಸ್ಟ್ರಾಡಲ್ ಎಷ್ಟಿದೆ ಅಂತ ಕೇಳಿದೆ. ನೋಡಿಲ್ಲ ಅಂದರು. ಫೋನಲ್ಲೇ ಇಬ್ಬರೂ ದಿನ ಎಣಿಸಿ, ವರ್ಗ ಹಾಕಿ, ಕಳೆದೆವು. ಬಂದ ಜಿಗಿತ ಹಳೇ ಸರಾಸರಿಗೆ ಹತ್ತಿರವೇ ಇತ್ತು, ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ. "ಹಂಗಾದ್ರೆ ಏನೂ ಮಾಡೋದು ಬೇಡ್ವಾ?" ಅಂದರು. ಬೇಡ ಅಂದೆ. ಭಾನುವಾರ ಮಧ್ಯಾಹ್ನ ಅವರ ಮನೆಗೆ ಊಟಕ್ಕೆ ಹೋದೆ. ಟಿವಿಯಲ್ಲಿ ನಿಫ್ಟಿ ಬೀಳುತ್ತಿತ್ತು, ಭಾವ ಹೋಳಿಗೆಗೆ ತುಪ್ಪ ಬಡಿಸುತ್ತಾ ನನ್ನನ್ನೇ ನೋಡುತ್ತಿದ್ದರು. "ಕೊಂಡಿದ್ರೆ ಬರ್ತಿತ್ತಲ್ಲೋ" ಅಂದರು.